ಅಕ್ಕ ಹೋದ ಮ್ಯಾಲ ಗೆಳತಿಗೆ ಬರೆದ ನಾಕು ಸಾಲು

ಲಿಂಗಂಪಲ್ಲಿಯಿಂದ ಬೇಗಂಪೇಟೆಗೆ ಹೋಗೂ ಮುಂಜಾನಿ ರೈಲಿನೊಳಗ, ಹೆಣ್ಮಕ್ಕಳ ಬೋಗಿಯೊಳಗ, ಕಿಡಕಿ ಕಡೆ ನಾ ಕುಂತಿರ್ತಿದ್ದೆ, ನನ್ನ ಬಾಜೂಕ ನನ್ನ ಊಟದ ಚೀಲ ಕುಂತಿರ್ತಿತ್ತು. ಚೀಲಕ್ಕೂ ಟಿಕೆಟ್ ತಗಿಸೀರೇನಮ್ಮಾ ಅಂತ ಮಂದಿ ಹಿಂದಿಯೊಳಗ, ತೆಲುಗಿನೊಳಗ ಬೈತಿದ್ರು. ಬರಾಕತ್ತಾರ್ರೀ, ಮುಂದಿನ ಸ್ಟೇಷನ್ನಿಗೆ ಹತ್ತತಾರ ಅಂತ ನಾ ಅಷ್ಟ ಜೋರಿಲೆ ಹೇಳ್ತಿದ್ದೆ. ನನ್ನ ಬಾಯಿ ಜೋರು, ಅದು ನನಗೂ ಗೊತ್ತೈತಿ, ನನ್ನ ಗಂಡಗಂತೂ ಭಾಳ ಚೊಲೋ ಗೊತ್ತೈತಿ.

ಚಂದಾನಗರದಾಗ ನನ್ನ ಗೆಳತಿ ಹತ್ತತಿದ್ಲು. ಆಕಿ ಊರು ಚಿತ್ತಾಪುರ ಕಡೆ, ನಮ್ಮದು ಕಲಬುರಗಿ. ಬೇಗಂಪೇಟೆಯೊಳಗ ಒಂದ ಆಫೀಸಿನ್ಯಾಗ ನಮ್ಮಿಬ್ಬರ ಟೇಬಲ್ ಒಂದಕ್ಕೊಂದು ತಾಗಿ ಇದ್ವು. ಕೋಠಿ ಬಜಾರದಾಗಿನ ಔಷಧದ ಅಂಗಡಿಗಳಿಗೆ ಮಾಲು ಕಳಿಸೂ ಏಜೆನ್ಸಿ ನಮ್ಮದು. ಬಿಲ್ಲು ನಂದು, ಕಾಗದ ಪತ್ರ ಆಕೀದು. ಆಫೀಸಿನ್ಯಾಗ ಎಲ್ಲಾರ ಜೋಡಿ ತೆಲುಗು, ಹಿಂದಿ. ನಾವಿಬ್ಬರ ನಡುವ ಮಾತ್ರ ಕನ್ನಡ. ಇಷ್ಟು ವರ್ಷ ಆದ್ರೂ ಒಬ್ಬರಿಗೊಬ್ಬರು 'ರೀ' ಅನ್ನೂದು ಬಿಟ್ಟಿದ್ದಿಲ್ಲ. ಜಗಳಾಡೂ ಮುಂದನೂ ರೀ ಹಚ್ಚೇ ಜಗಳಾಡ್ತಿದ್ವಿ.

ಆಕಿ ಬಂದು ಚೀಲ ಎತ್ತಿ ತೊಡಿ ಮ್ಯಾಲ ಇಟಗೊಂಡು ಕುಂತ್ಲು ಅಂದ್ರ, ಹಫೀಜಪೇಟೆ ಬರೂದ್ರಾಗ ಆಕಿ ಫೋನು ಬಾರಿಸ್ತಿತ್ತು. ಅಕ್ಕನ ಫೋನು. ಊರಾಗಿದ್ದ ಆಕಿ ದೊಡ್ಡಕ್ಕ. ಸಣ್ಣಾಕಿ ಇದ್ದಾಗ ಅವ್ವನ್ನ ಕಳಕೊಂಡ ನನ್ನ ಗೆಳತೀನ್ನ ಹೇನು ಹೆಕ್ಕಿ, ತಲಿ ಬಾಚಿ, ಸಾಲಿಗೆ ಕಳಿಸಿ ದೊಡ್ಡಾಕಿ ಮಾಡಿದ್ದು ಅವರ. ಗೆಳತಿ ಫೋನಿನ ಕಿವಿ ಕೆಟ್ಟಿತ್ತು, ಸ್ಪೀಕರ್ ಹಾಕಿದ್ರ ಅಷ್ಟ ಕೇಳಸ್ತಿತ್ತು. ಹಿಂಗಾಗಿ ಅಕ್ಕನ ಮೊದಲನೇ ಮಾತು ಅರ್ಧ ಬೋಗಿಗೆ ಕೇಳಸ್ತಿತ್ತು.

"ಜಾಗಾ ಸಿಕ್ತೇನವ್ವಾ?"

"ಸಿಕ್ಕೈತಿ ಅಕ್ಕಾ."

"ಕಿಡಕೀದು?"

"ಕಿಡಕೀದು ಹಿಡಿದಾಕಿ ಕುಂತಾಳ. ನನಗ ಬಾಜೂದು."

ಅಕ್ಕ ನಗ್ತಿದ್ರು. ಆಮ್ಯಾಲ ನನಗ, "ತಂಗೀ, ನಮ್ಮಾಕೀನ್ನ ನಿಂದ್ರಾಕ ಬಿಡಬ್ಯಾಡವಾ, ಆಕಿ ಮಣಕಾಲು ಚೊಲೋ ಇಲ್ಲ," ಅಂತಿದ್ರು. "ಬಿಡೂದಿಲ್ರೀ ಅಕ್ಕಾರ," ಅಂತ ನಾ ಈ ಕಡೆಯಿಂದ ಒದರತಿದ್ದೆ. ಅಷ್ಟ. ಇಡ್ತೀನವ್ವಾ ಅಂತ ಇಟ್ಟುಬಿಡ್ತಿದ್ರು. ಅವರ ಮಾರಿ ನಾ ಒಂದಿನಾನೂ ನೋಡಿದ್ದಿಲ್ಲ. ಕಣ್ಣು ಮುಚ್ಚಿ, ಅರ್ಧ ನಿದ್ದಿಯೊಳಗ, ಕಿಡಕಿಗೆ ತಲಿ ಆನಿಸಿ ಕುಂತಾಗ ಆ ದನಿ ಬರ್ತಿತ್ತು. ಹೊರಗ ಮಂಜಿನ್ಯಾಗ ಗುಡ್ಡದ ಬಂಡಿಗಲ್ಲು, ಕಟ್ಟಾಕತ್ತಿದ್ದ ಬಿಲ್ಡಿಂಗು ಒಂದೊಂದ ಹಿಂದ ಸರಿಯೂ ಮುಂದ, ಯಾವುದೋ ಊರಿನ ಅಂಗಳದಾಗ ಯಾರೋ ನನ್ನನ್ನೂ ಕರೆದು ಕೇಳಿದಂಗ ಆಗ್ತಿತ್ತು. ಉಂಡಿ ಏನು, ಕುಂತಿ ಏನು ಅಂತ ನನಗ ಕೇಳೂವರು ಯಾರೂ ಉಳದಿದ್ದಿಲ್ಲ. ಅದಕ್ಕ ಆ ಫೋನು ನನಗೂ ಬೇಕಾಗಿತ್ತು, ಸುಳ್ಳ್ಯಾಕ ಹೇಳ್ಲಿ.

ಒಂದಿನ ಚಂದಾನಗರ ಬಂತು, ಹೋತು. ಗೆಳತಿ ಹತ್ತಲಿಲ್ಲ. ಬ್ಯಾರೆ ಬೋಗಿ ಹತ್ಯಾಳೇನೋ ಅಂತ ನಾ ಚೀಲ ತಗೀಲಿಲ್ಲ. ಹೈಟೆಕ್ ಸಿಟಿಯೊಳಗ ಮಂದಿ ನುಗ್ಗಿದ್ರು, ಬೈದ್ರು, ನಾ ಕೈ ಅಡ್ಡ ಇಟ್ಟು ಕುಂತೆ. ನೇಚರ್ ಕ್ಯೂರ್ ಸ್ಟೇಷನ್ ದಾಟಿದ ಮ್ಯಾಲ ಚೀಲ ತೊಡಿ ಮ್ಯಾಲ ಇಟಗೊಂಡೆ. ಆಫೀಸಿಗೆ ಬಂದ್ರ ನಮ್ಮ ಸಾಹೇಬ್ರು ಬಾಗಿಲದಾಗ ನಿಂತಿದ್ರು. ಅವರು ತೆಲುಗಿನವರು, ಮನಸ್ಸು ಕೆಟ್ಟದಲ್ಲ, ಆದ್ರ ಯಾವ ಮಾತನ್ನೂ ಸಾವಕಾಶ ಹೇಳಾಕ ಬರೂದಿಲ್ಲ. ಆಕಿ ಅಕ್ಕ ಹೋದ್ರಂತಮ್ಮಾ, ನಸುಕಿನ್ಯಾಗ, ಎದಿನೋವು ಅಂತ, ಊರಿಗೆ ಹೋದ್ಲು ಅಂದ್ರು.

ಅಲ್ಲೇ ಕುರ್ಚಿ ಹಿಡಿದು ಕುಂತೆ. ಆವತ್ತು ಹಫೀಜಪೇಟೆಯೊಳಗ ನನ್ನ ಕಿವಿ ಆ ದನಿ ಕಾಯಾಕತ್ತಿತ್ತು. ಆ ಹೊತ್ತಿಗೆ ಅದು ಇದ್ದಿಲ್ಲ ಅಂದ್ರ ನಂಬೂದು ಹೆಂಗ?

ಈಗ ಒಂದು ಮಾತು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ನಮ್ಮ ಆಫೀಸಿನ್ಯಾಗ ಸಂತಾಪದ ಕಾಗದ ಬರಿಯೂದು ಯಾರ ಕೆಲಸ ಅಂದ್ರ ನನ್ನ ಗೆಳತೀದ. ಕೋಠಿಯ ಯಾವ ಅಂಗಡಿಯವರ ಮನ್ಯಾಗ ಯಾರು ತೀರಿಕೊಂಡ್ರೂ ಸಾಹೇಬ್ರ ಹೆಸರಿನ್ಯಾಗ ಒಂದು ಕಾಗದ ಹೋಗಬೇಕು. ಅದನ್ನ ಇಂಗ್ಲಿಷಿನ್ಯಾಗ ಆಕಿನ ಒಂದು ಸಲ ಚಂದಾಗಿ ಬರೆದು ಕಂಪ್ಯೂಟರಿನ್ಯಾಗ ಇಟ್ಟಿದ್ಲು. ಹೆಸರು ಬದಲು ಮಾಡು, ಸಂಬಂಧ ಬದಲು ಮಾಡು, ಪ್ರಿಂಟ್ ತಗಿ. ಅಗಲಿಕೆ ಸುದ್ದಿ ತಿಳಿದು ಆಘಾತವಾಯಿತು, ವ್ಯಾಪಾರ ಲೋಕಕ್ಕೆ ತುಂಬಲಾರದ ನಷ್ಟ, ದುಃಖ ಭರಿಸೂ ಶಕ್ತಿ ದೇವರು ಕೊಡಲಿ ಅನ್ನೂ ಅರ್ಥದ ನಾಕೈದು ಸಾಲು. ಆಕಿನ ಅದನ್ನ ಓದಿ ನಗತಿದ್ಲು. "ಇದು ವ್ಯಾಪಾರದ ಕಾಗದರೀ. ಅವರು ನಮ್ಮ ಗಿರಾಕಿ, ನಾವು ಮರ್ಯಾದಿ ಮಾಡಬೇಕು, ಮಾಡ್ತೀವಿ. ಮನಸ್ಸಿನ ಮಾತಿಗೆ ಇದು ನಡಿಯೂದಿಲ್ಲ. ನನಗ ಯಾರರ ಇದನ್ನ ಕಳಿಸಿದ್ರ ಎದ್ದು ಬಂದು ಹೊಡೀತೀನಿ ನೋಡ್ರಿ."

ಆವತ್ತು ಮಧ್ಯಾಹ್ನ ಆಫೀಸಿನ ಗ್ರೂಪಿನ್ಯಾಗ ನಮ್ಮ ಸಾಹೇಬ್ರು ಆಕಿಗೆ ಅದನ್ನ ಕಳಿಸಿದ್ರು!

ಪಾಪ, ಅವರಿಗೆ ಗೊತ್ತಿದ್ದಿಲ್ಲ. ಕಾಗದಕ್ಕ ಸಹಿ ಹಾಕೂದಷ್ಟ ಅವರ ಕೆಲಸ ಇತ್ತು, ಯಾರು ಬರೆದದ್ದು ಅಂತ ಯಾವತ್ತೂ ಕೇಳಿದ್ದಿಲ್ಲ. ಕಂಪ್ಯೂಟರಿನ್ಯಾಗ ಹುಡುಕಿದ್ರು, ಸಿಕ್ತು, ತಂದೆ ಅಂತ ಇದ್ದದ್ದನ್ನ ಅಕ್ಕ ಮಾಡಿದ್ರು, ಕಳಿಸಿದ್ರು. ಕೆಳಗ ವ್ಯಾಪಾರ ಲೋಕಕ್ಕೆ ತುಂಬಲಾರದ ನಷ್ಟ ಅನ್ನೂದು ಹಂಗ ಉಳದಿತ್ತು. ಹೊಲಕ್ಕ ಬುತ್ತಿ ಹೊತ್ತು, ಎಮ್ಮಿ ಹಿಂಡಿ, ತಂಗೀನ್ನ ಓದಿಸಿದ ಹೆಣ್ಮಗಳು ಸತ್ತದ್ದಕ್ಕ ಔಷಧ ವ್ಯಾಪಾರಕ್ಕ ನಷ್ಟ ಆಗಿತ್ತು. ಅದರ ಕೆಳಗ ಸಾಲಾಗಿ ಕೈಮುಗಿಯೂ ಚಿತ್ರ, ಹೂವಿನ ಚಿತ್ರ, ದೀಪದ ಚಿತ್ರ. ಒಬ್ಬ ಮಹಾಶಯ, ಬೀಪಿ ಇತ್ತಾ, ಮಾತ್ರಿ ತಗೋತಿದ್ರಾ, ಯಾವ ದವಾಖಾನಿಗೆ ಒಯ್ದಿದ್ರಿ ಅಂತ ಪ್ರಶ್ನೆ ಹಾಕಿದ್ದ. ಇನ್ನೊಬ್ಬಾಕಿ, ಹೋಗ್ಲಿಬಿಡ್ರಿ, ನರಳಲಿಲ್ಲ, ಪುಣ್ಯವಂತರು ಅಂದಿದ್ಲು. ನನ್ನ ಮೈ ಉರಿದು ಹೋತು.

ಸೀದಾ ಸಾಹೇಬ್ರ ರೂಮಿಗೆ ನುಗ್ಗಿದೆ. "ಸರ್, ಇದು ಯಾರು ಬರೆದದ್ದು ಗೊತ್ತೈತೇನು? ಆಕಿನ ಬರೆದದ್ದು! ಆಕಿ ಬರೆದದ್ದನ್ನ ಆಕಿಗೇ ಕಳಿಸೀರಲ್ಲ!" ಅಂದೆ, ತೆಲುಗಿನ್ಯಾಗ, ಸಿಟ್ಟಿನ್ಯಾಗ ನಡುನಡುವ ಕನ್ನಡ. ಅವರು ಫೋನು ತಗದು ಮತ್ತ ಓದಿದ್ರು. ವ್ಯಾಪಾರದ ಸಾಲಿಗೆ ಬಂದಾಗ ಮಾರಿ ಬೆಳ್ಳಗಾತು. ಅಳಿಸಬೇಕಂತ ಬೆರಳು ಇಟ್ರು, ಅಷ್ಟರಾಗ ಆಕಿ ಓದಿ ಆಗಿತ್ತು. ಗ್ರೂಪಿನ್ಯಾಗ ಅಲ್ಲ, ಅವರಿಗೆ ಅಷ್ಟ ಒಂದು ಉತ್ತರಾನೂ ಬಂದಿತ್ತು. ಅದನ್ನ ನನಗ ತೋರಿಸಿದ್ರು. ಧನ್ಯವಾದ ಸರ್, ನಾ ಇನ್ನ ಕೆಲಸಕ್ಕ ಬರೂದು ಆಗಲಿಕ್ಕಿಲ್ಲ, ಆ ರೈಲು ಹತ್ತೂದು ನನ್ನಿಂದ ಆಗೂದಿಲ್ಲ ಅಂತ.

ಸಾಹೇಬ್ರು, ರೈಲು ಯಾಕಮ್ಮಾ, ಬಸ್ಸಿಗೆ ಬರಬಹುದಲ್ಲ ಅಂದ್ರು. ಅವರಿಗೆ ಏನಂತ ಹೇಳ್ಲಿ? ನನಗ ತಿಳದಿತ್ತು. ಬಸ್ಸಿನ ಮಾತಲ್ಲ ಅದು. ಹಫೀಜಪೇಟೆ ಬಂದಾಗ ಬಾರಿಸದ ಫೋನು ಕೈಯಾಗ ಹಿಡಕೊಂಡು ಕುಂಡ್ರೂದು ಆಕಿಯಿಂದ ಆಗೂದಿಲ್ಲ.

"ಈಗ ನಾನೇನು ಮಾಡಬೇಕು?" ಅಂದ್ರು ಸಾಹೇಬ್ರು. ಅವರ ಕಣ್ಣಾಗ ನೀರಿತ್ತು. ನಿಮಗ ಏನನ್ನಿಸ್ತೈತಿ ಅದನ್ನ ಒಂದ ಸಾಲು ಬರೀರಿ, ಕಾಗದ ನೋಡಬ್ಯಾಡ್ರಿ ಅಂದೆ. ಭಾಳ ಹೊತ್ತು ಕುಂತು, "ತಪ್ಪಾತಮ್ಮಾ, ನಿನ್ನ ಅಕ್ಕನ ಬಗ್ಗೆ ನನಗೇನೂ ಗೊತ್ತಿಲ್ಲ, ನಿನ್ನ ದುಃಖ ಮಾತ್ರ ಗೊತ್ತು," ಅಂತ ತೆಲುಗಿನ್ಯಾಗ ಕಳಿಸಿದ್ರು. ಅದು ಆ ಕಾಗದಕ್ಕಿಂತ ನೂರು ಪಾಲು ಚೊಲೋ ಇತ್ತು.

ಊರಿಗೆ ಹೋಗಿ ಮಾತಾಡಿಸಿಕೊಂಡು ಬರೂದು ನಮ್ಮ ಕಡೆ ರೀತಿ. ಸಾವಿನ ಮನಿಗೆ ಹೋಗೂದಕ್ಕ ನಾವು ಮಾತಾಡಿಸೂದು ಅಂತೀವಿ. ಸಂಜಿಗೆ ಮನಿಗೆ ಬಂದು ನಾಳೆ ಚಿತ್ತಾಪುರಕ್ಕ ಹೋಗಿ ಬರ್ತೀನಿ ಅಂದ್ರ, ನಮ್ಮ ಅತ್ತಿ ಎದ್ದು ಬಾಗಿಲಕ್ಕ ಅಡ್ಡ ನಿಂತ್ರು. ನನ್ನ ಮಗಳು ಹಡದು ಮನಿಗೆ ಬಂದಿದ್ಲು. ಒಳಗಿನ ಖೋಲಿಯೊಳಗ ಕೂಸು ಮಲಗಿತ್ತು, ಇನ್ನೂ ಹೆಸರಿಟ್ಟಿದ್ದಿಲ್ಲ.

"ಹಸಿ ಬಾಣಂತೀನ್ನ ಮನ್ಯಾಗ ಇಟಗೊಂಡು ಸಾವಿನ ಮನಿಗೆ ಹೊಂಟೀಯೇನು? ಬುದ್ಧಿ ನೆಟ್ಟಗೈತೋ ಇಲ್ಲೋ?" ಅಂದ್ರು ಅತ್ತಿ.

"ಆಕಿ ನನ್ನ ಗೆಳತಿ ಅತ್ತೀ."

"ಗೆಳತಿ ಇರ್ಲಿ, ಯಾರರ ಇರ್ಲಿ. ತೊಟ್ಲಾ ಆಗೂತನಕ ಎಲ್ಲೂ ಹೋಗಂಗಿಲ್ಲ."

ಮಗಳ ಮಾರಿ ನೋಡಿದೆ. ಆಕಿ ಓದಿದಾಕಿ, ಇಂಥಾದ್ದೆಲ್ಲಾ ನಂಬೂದಿಲ್ಲ, ಆದ್ರ ಆಕಿನೂ ಕೂಸಿನ ಮ್ಯಾಲ ಕೈ ಇಟ್ಟು ಕುಂತಿದ್ಲು. ನನಗೂ ಧೈರ್ಯ ಬರಲಿಲ್ಲ ಅನ್ರಿ. ಫೋನು ಹಚ್ಚಿದೆ, ಆಕಿ ಎತ್ತಲಿಲ್ಲ. ಎತ್ತಬೇಕಂತನೂ ನನಗನಿಸಲಿಲ್ಲ. ಮಣ್ಣು ಮಾಡಿ ಬಂದು ಕುಂತಾಕಿಗೆ ಹತ್ತು ಕಡೆಯಿಂದ ಫೋನು ಬಂದ್ರ ಹೆಂಗ? ಹಂಗಾದ್ರ ಬರಿಯೂದೊಂದ ಉಳೀತು.

ಮರುದಿನ ಮುಂಜಾನಿ ರೈಲಿನ್ಯಾಗ ಕುಂತೆ. ಚೀಲ ಬಾಜೂಕ ಇಟ್ಟೆ, ರೂಢಿ. ಕೂಸು ಮಲಗಾಕ ಕೊಟ್ಟಿದ್ದಿಲ್ಲ, ಕಣ್ಣಾಗ ಮರಳು ಬಿದ್ದಂಗ ಆಗಿತ್ತು. ಫೋನು ತಗದು ಕನ್ನಡದಾಗ ಬರಿಯಾಕ ಸುರು ಮಾಡಿದೆ. ನಾವು ಅಷ್ಟು ವರ್ಷ ದಿನಾ ಮಾತಾಡಿದ್ವಿ, ಬರೆದದ್ದು ಅಂದ್ರ ಇಂಗ್ಲಿಷ್ ಅಕ್ಷರದಾಗ, ರೈಲು ತಡ ಐತಿ, ಛತ್ರಿ ತರ್ರಿ, ಇಷ್ಟ. ಒಂದೊಂದ ಅಕ್ಷರ ಹುಡುಕಿ ಒತ್ತಿದೆ. ಮೊದಲು ಬಂದದ್ದು, "ತಮ್ಮ ಸಹೋದರಿಯವರ ನಿಧನದ ವಾರ್ತೆ ಕೇಳಿ ಅತೀವ ದುಃಖವಾಯಿತು" ಅಂತ. ಅಯ್ಯ ನಮ್ಮವ್ವಾ! ಇದು ಪೇಪರಿನ್ಯಾಗ ಫೋಟೋದ ಕೆಳಗ ಹಾಕಸ್ತಾರಲ್ಲ ಅದು. ಆ ಸಹೋದರಿಯವರು ಯಾರು? ನನಗ ಗೊತ್ತಿದ್ದಾಕಿ ಅಕ್ಕ. ಅಳಿಸಿದೆ.

ಆಮ್ಯಾಲ, ನಿಮ್ಮ ದುಃಖ ನನಗ ತಿಳೀತೈತಿ ಅಂತ ಬರದೆ. ಎಲ್ಲಿ ತಿಳೀತೈತಿ? ನನ್ನ ಅವ್ವ ಹೋದಾಗ ಆಗಿದ್ದು ನನ್ನ ದುಃಖ, ಇದು ಆಕೀದು. ಅಳಿಸಿದೆ. ಮನ್ಯಾಗ ಬಾಣಂತಿ ಅದಾಳ, ಅದಕ್ಕ ಬರಲಿಕ್ಕ ಆಗಲಿಲ್ಲ ಅಂತ ಬರದೆ. ಓದಿ ನೋಡಿದ್ರ ಅದು ನನ್ನ ಹೊಟ್ಟಿ ತಣ್ಣಗ ಮಾಡ್ಕೊಳ್ಳೂ ಮಾತು. ಸಾವಿನ ಮನ್ಯಾಗ ಕುಂತಾಕಿಗೆ ನಮ್ಮ ಮನಿ ತೊಟ್ಟಿಲದ ಸುದ್ದಿ ಯಾಕ ಈಗ? ಆಕಿಗೆ ಗೊತ್ತ ಐತಿ, ಕೂಸಿಗೆ ಕುಲಾಯಿ ಹೊಲಿದು ಕೊಟ್ಟಾಕಿನ ಆಕಿ. ಅದನ್ನೂ ಅಳಿಸಿದೆ. ಚಂದಾನಗರ ಬಂತು. ಹತ್ತಿದವರ ಮಾರಿ ಎಲ್ಲಾ ನೋಡಿದೆ, ಹುಚ್ಚಿ ಹಂಗ.

ಕಡೀಕ ನನ್ನ ನಿಜವಾದ ಮಾತು ಬರದೆ. ಕೆಲಸ ಬಿಡಬ್ಯಾಡ್ರಿ, ವಾಪಸ್ ಬರ್ರಿ, ನೀವಿಲ್ಲಂದ್ರ ಈ ಊರಾಗ ನನಗ ಕನ್ನಡದಾಗ ಬೈಯಾಕ ಯಾರದಾರ? ಬರೆಯೂ ಮುಂದ ಕಣ್ಣೀರು ಕಪಾಳಕ್ಕ ಬಂದ್ವು. ಕಳಿಸೂ ಗುಂಡಿ ಮ್ಯಾಲ ಬೆರಳು ಇತ್ತು. ಕಳಿಸಿಬಿಡ್ತಿದ್ದೆ, ಖರೇನ. ಆದ್ರ ರೈಲು ಹಫೀಜಪೇಟೆಯೊಳಗ ನಿಂತಿತು, ಬೋಗಿಯೊಳಗ ಯಾರದೋ ಫೋನು ಬಾರಿಸಿತು, ನಾ ಕಣ್ಣು ಮುಚ್ಚಿದೆ.

ಕಣ್ಣು ಮುಚ್ಚಿದ್ದಕ್ಕ ನಿದ್ದಿ ಬಂತೋ, ಎಚ್ಚರದಾಗ ಕಂಡಿತೋ ಹೇಳಾಕ ಬರೂದಿಲ್ಲ. ನಮ್ಮ ಅವ್ವ ಸೆರಗು ಹೊತ್ತು ಮುಂದ ಮುಂದ ನಡದಿದ್ಲು, ನಾ ಸಣ್ಣಾಕಿ, ಹಿಂದ ಸೆರಗಿನ ತುದಿ ಹಿಡಿದಿದ್ದೆ. ಓಣಿಯೊಳಗ ಯಾರದೋ ಮನಿಗೆ ಮಾತಾಡಿಸಾಕ ಹೊಂಟಿದ್ವಿ. ಆ ಮನ್ಯಾಗ ಒಲಿ ಹಚ್ಚಿದ್ದಿಲ್ಲ, ಬಾಜೂ ಮನಿಯವರು ರೊಟ್ಟಿ ಪಲ್ಯ ತಂದು ಒಂದು ಮೂಲ್ಯಾಗ ಮುಚ್ಚಿಟ್ಟಿದ್ರು. ಪಡಸಾಲಿಯೊಳಗ ಹೆಣ್ಮಕ್ಕಳು ಗ್ವಾಡಿಗೆ ಆನಿಸಿ ಕುಂತಿದ್ರು, ಬಿಸಿಲು ಹೊಸ್ತಿಲ ತನಕ ಬಂದು ಅಲ್ಲೇ ನಿಂತಿತ್ತು. ಅವ್ವ ಹೋಗಿ ಆ ಮನಿ ಹೆಣ್ಮಗಳ ಬಾಜೂಕ ಕುಂತ್ಲು, ಕೈ ಹಿಡಿದ್ಲು. ಭಾಳ ಹೊತ್ತು ಮಾತಿಲ್ಲ. ಆಮ್ಯಾಲ, "ನಿಮ್ಮ ಅತ್ತಿ ನನಗ ಒಂದ್ಸಲ ಜ್ವರ ಬಂದಾಗ ನುಚ್ಚು ಕುದಿಸಿಕೊಂಡು ಬಂದಿದ್ರು ನೋಡವಾ," ಅಂದ್ಲು. ಆ ಹೆಣ್ಮಗಳು, "ಹೌದೇನು? ನನಗ ಗೊತ್ತ ಇದ್ದಿಲ್ಲ," ಅಂತ ಅತ್ಲು, ಅಳ್ತಾ ಅಳ್ತಾ ಸ್ವಲ್ಪ ನಕ್ಲು. ಹಂಗ ಒಬ್ಬೊಬ್ಬರು ಬಂದು ಒಂದೊಂದು ಹೇಳಿ ಸುಮ್ಮನಾಗ್ತಿದ್ರು. ಏಳೂ ಮುಂದ ಅವ್ವ ಹೋಗಿ ಬರ್ತೀನಿ ಅನ್ನಲಿಲ್ಲ. ಸಾವಿನ ಮನ್ಯಾಗ ಅದನ್ನ ಅನ್ನೂದಿಲ್ಲ. ಸುಮ್ಮನ ಎದ್ದು ಬಂದ್ಲು.

ಬೋರಬಂಡಾದಾಗ ಯಾರೋ ನನ್ನ ಮೊಣಕೈಗೆ ತಾಕಿ ಎಚ್ಚರಾತು. ಫೋನು ಕೈಯಾಗ ಹಂಗ ಇತ್ತು. ವಾಪಸ್ ಬರ್ರಿ ಅನ್ನೂದನ್ನೆಲ್ಲಾ ಅಳಿಸಿದೆ. ಅದು ನನಗ ಬೇಕಾಗಿದ್ದದ್ದು, ಆಕಿಗಲ್ಲ. ಅವ್ವ ಆ ಹೆಣ್ಮಗಳಿಗೆ ನಾಳಿಂದ ನೀರಿಗೆ ಬಾ ಅಂತ ಹೇಳಿದ್ದಿಲ್ಲಲ್ಲ. ಕುಂತಿದ್ಲು, ಒಂದು ನೆನಪು ಕೊಟ್ಟು ಬಂದಿದ್ಲು. ನನ್ನ ಹತ್ರ ಇದ್ದದ್ದೂ ಒಂದ ನೆನಪು, ಅದೂ ಮಾರಿ ಇಲ್ಲದ ನೆನಪು. ಅದನ್ನ ಬರದೆ. ಈ ಸಲ ಅಕ್ಷರ ಹುಡುಕಾಕ ತ್ರಾಸ ಆಗಲಿಲ್ಲ.

"ಅಕ್ಕ ಹೋದ್ರಂತ ಕೇಳಿ ಭಾಳ ಸಂಕಟ ಆಗೈತಿ. ನಾ ಅವರನ್ನ ನೋಡಿಲ್ಲ, ಆದ್ರ ದಿನಾ ಮುಂಜಾನಿ ಹಫೀಜಪೇಟೆಯೊಳಗ 'ಜಾಗಾ ಸಿಕ್ತೇನವ್ವಾ' ಅಂತ ಕೇಳೂ ಅವರ ದನಿ ನನ್ನ ಕಿವಿಯೊಳಗೂ ಐತಿ. ನಿಮ್ಮ ಟೇಬಲಿನ ಕೆಲಸ ನಾ ನೋಡಾಕತ್ತೀನಿ, ಅದರ ಚಿಂತಿ ಮಾಡಬ್ಯಾಡ್ರಿ. ಇದಕ್ಕ ಉತ್ತರ ಬರೀಬೇಕಂತ ಇಲ್ಲ."

ನಾಕು ಸಾಲು. ಮತ್ತ ಓದಿದೆ. ನಿಮ್ಮ ಜಾಗಾ ಹಿಡಿದು ಕಾಯ್ತೀನಿ ಅಂತ ಐದನೇದೊಂದು ಸಾಲು ಬೆರಳ ತುದಿಗೆ ಬಂತು. ಬ್ಯಾಡ, ಅದೂ ಅವಸರ ಮಾಡಿದಂಗ. ಕಾಯೂದಿದ್ರ ಕಾಯಿ, ಹೇಳಿ ಯಾಕ ಕಾಯ್ತಿ ಅಂತ ನನಗ ನಾನ ಬೈಕೊಂಡು, ಕೈಮುಗಿಯೂ ಚಿತ್ರ ಹಚ್ಚದ, ಹಂಗ ಕಳಿಸಿದೆ. ಬೇಗಂಪೇಟೆ ಬಂತು, ಇಳದೆ.

ಉತ್ತರ ಬರಲಿಲ್ಲ. ನಾನ ಬ್ಯಾಡ ಅಂದಿದ್ದೆ, ಆದ್ರೂ ದಿನಾ ಫೋನು ತಗದು ತಗದು ನೋಡ್ತಿದ್ದೆ. ಓದ್ಯಾಳ ಅನ್ನೂ ನೀಲಿ ಗುರುತು ಬಂದಿತ್ತು, ಅಷ್ಟ. ಮಧ್ಯಾಹ್ನ ಆಕಿ ಟೇಬಲ್ ಮ್ಯಾಲಿನ ಕಾಗದ ನಾ ತಗದು ಮುಗಿಸ್ತಿದ್ದೆ. ಸಾಹೇಬ್ರು ದಿನಾ ಒಂದ್ಸಲ ಬಂದು, ಏನಾದ್ರೂ ಸುದ್ದಿ ಐತೇನಮ್ಮಾ ಅಂತಿದ್ರು. ಹೊಸಬರನ್ನ ನೋಡ್ಲೇನು ಅಂತ ಕೇಳಬೇಕಂತ ಅವರ ಬಾಯಿ ತನಕ ಬರ್ತಿತ್ತು, ನನ್ನ ಮಾರಿ ನೋಡಿ ನುಂಗತಿದ್ರು. ಮತ್ತ ಬರೀಲೇನು, ಬರ್ತೀರೋ ಇಲ್ಲೋ ಕೇಳ್ಲೇನು ಅಂತ ನನಗೂ ಕೈ ತುರಸ್ತಿತ್ತು. ಕೇಳಲಿಲ್ಲ. ನನ್ನಂಥಾಕಿಗೆ ಬಾಯಿ ಮುಚ್ಕೊಂಡು ಇರೂದಕ್ಕಿಂತ ದೊಡ್ಡ ಉಪವಾಸ ಇಲ್ಲ.

ರೈಲಿನ್ಯಾಗ ಮಾತ್ರ ಚೀಲ ಅದ ಜಾಗಾದಾಗ ಕುಂಡ್ರತಿತ್ತು. ಹೈಟೆಕ್ ಸಿಟಿ ತನಕ ಹಿಡೀತಿದ್ದೆ, ಆಮ್ಯಾಲ ನಿಂತವರಿಗೆ ಬಿಟ್ಟು ಕೊಡ್ತಿದ್ದೆ. ಹಫೀಜಪೇಟೆ ದಾಟೂ ಮುಂದ ಕಣ್ಣು ತಾನಾಗೇ ಮುಚ್ಚತಿದ್ವು. ಮಂಜು ಕಮ್ಮಿ ಆತು, ಬಿಸಿಲು ಕಿಡಕಿಯಿಂದ ಬಂದು ತೊಡಿ ಮ್ಯಾಲ ಬೀಳಾಕ ಹತ್ತಿತು, ಹಳಿ ಬಾಜೂಕ ಬೇವಿನ ಗಿಡಕ್ಕ ತಾಮ್ರದ ಬಣ್ಣದ ಹೊಸ ಎಲಿ ಬಂದ್ವು. ನಮ್ಮ ಕೂಸಿಗೆ ತೊಟ್ಲಾ ಆತು, ಹೆಸರಿಟ್ವಿ. ಗೆಳತಿ ಬಂದಿದ್ದಿಲ್ಲ, ಆಕಿ ಹೊಲಿದ ಕುಲಾಯಿ ಹಾಕಿ ಕೂಸಿನ ಕಿವ್ಯಾಗ ಹೆಸರು ಹೇಳಿದೆ.

ಹಿಂಗ ಒಂದಿನ ಚಂದಾನಗರದಾಗ ರೈಲು ನಿಂತಿತು. ನಾ ಅರ್ಧ ನಿದ್ದಿಯೊಳಗಿದ್ದೆ. ಬಾಜೂಕ ಚೀಲ ಮ್ಯಾಲ ಎದ್ದಂಗಾತು. ಏ, ಅದಕ್ಕ ಮಂದಿ ಅದಾರ್ರೀ ಅಂತ ಒದರಿ ಕಣ್ಣು ತಗದೆ. ಗೆಳತಿ ಚೀಲ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು.

ಸೊರಗಿದ್ಲು. ಮಾರಿ ಸಣ್ಣಗಾಗಿತ್ತು, ಕಣ್ಣಿನ ಕೆಳಗ ಕಪ್ಪು. ಆಕಿ ಕೈ ಹಿಡಕೊಂಡೆ. ಆಕಿನೂ ಬಿಡಿಸ್ಕೊಳ್ಳಲಿಲ್ಲ. ಎದುರಿಗೆ ನಿಂತಿದ್ದ ಹೆಣ್ಮಗಳು, ದಿನಾ ನನಗ ಬೈಯ್ಯಾಕಿ, ಓ ಇವರೇನಾ ಬರೋರು ಅಂತ ಹಿಂದಿಯೊಳಗ ಅಂದು ಸ್ವಲ್ಪ ಹಿಂದಕ್ಕ ಸರದ್ಲು.

"ವ್ಯಾಪಾರ ಲೋಕಕ್ಕ ನಷ್ಟ ಆತಂತಲ್ರೀ ನಮ್ಮ ಅಕ್ಕ ಹೋಗಿ," ಅಂದ್ಲು ಗೆಳತಿ, ಕಿಡಕಿ ಕಡೆ ನೋಡ್ಕೋತ. ತುಟಿ ಒಂಚೂರು ಸರೀತು. "ಅಕ್ಕ ಇದ್ದಿದ್ರ ನಕ್ಕು ನಕ್ಕು ಹೊಟ್ಟಿ ಹಿಡಕೋತಿದ್ಲು."

"ಎದ್ದು ಬಂದು ಹೊಡೀರಿ ಮತ್ತ. ಸಾಹೇಬ್ರು ಬೆನ್ನು ತೋರಿಸ್ಕೊಂಡು ನಿಂತಾರ," ಅಂದೆ.

ಆಕಿ ನಕ್ಲು. ಹಂಗ ಅತ್ಲು. ಸೆರಗಿನ್ಯಾಗ ಮಾರಿ ಒರಸಿಕೊಂಡು ಹೇಳಿದ್ಲು, "ನಾ ಬರಬಾರದಂತ ಮಾಡಿದ್ದೆರೀ. ನಿಮ್ಮದು ಬಂತಲ್ಲ, ಅದನ್ನ ಮಾಮಾನ ಮುಂದ ಓದಿದೆ. ಆ ಮನುಷ್ಯಾ ಯಾರ ಜೋಡಿನೂ ಮಾತಿಲ್ಲ, ಅಳೂದೂ ಇಲ್ಲ, ಮೂಲ್ಯಾಗ ಕುಂತುಬಿಟ್ಟಿದ್ದ. ಅಕ್ಕ ನನಗ ದಿನಾ ಫೋನು ಮಾಡ್ತಿದ್ಲು ಅನ್ನೂದು ಆತಗ ಗೊತ್ತ ಇದ್ದಿಲ್ಲ. ಆತ ಆ ಹೊತ್ತಿಗೆ ಹೊಲಕ್ಕ ಹೋಗಿರ್ತಿದ್ದ. ಮತ್ತೊಮ್ಮೆ ಓದು ಅಂದ. ಓದಿದೆ. ಹಿಂಗ ಕೇಳ್ತಿದ್ಲೇನು ಆಕಿ ಅಂದ. ಆವಾಗ ಅತ್ತುಬಿಟ್ಟ ನೋಡ್ರಿ, ಮೊದಲನೇ ಸಲ."

ಮಾಮಾ ಅಂದ್ರ ಅಕ್ಕನ ಗಂಡ. ಫೋನು ಮುಟ್ಟಲಾರದ ಮನುಷ್ಯಾ ಅಂತ ಅಕ್ಕ ನಗಾಡೂದನ್ನ ಗೆಳತಿ ಎಷ್ಟೋ ಸಲ ಹೇಳಿದ್ದು ನನಗ ನೆನಪಿತ್ತು.

"ಆಮ್ಯಾಲ ಏನಂದ್ರು?" ಅಂತ ಕೇಳಿದೆ.

"ಏನೂ ಇಲ್ಲ. ಹೋಗು, ನಿನ್ನ ರೈಲಿಗೆ ಹೋಗು ಅಂದ. ಅಷ್ಟ."

ರೈಲು ಹಫೀಜಪೇಟೆಗೆ ಬರಾಕತ್ತಿತ್ತು. ಗೆಳತಿ ಮಾತು ನಿಲ್ಲಿಸಿದ್ಲು. ನನ್ನ ಕೈ ಬಿಗಿ ಹಿಡಿದ್ಲು, ಉಗುರು ಹತ್ತೂವಂಗ. ಆಕಿ ಫೋನು ಚೀಲದ ಮ್ಯಾಲ ಮಾರಿ ಮ್ಯಾಲ ಮಾಡಿ ಬಿದ್ದಿತ್ತು. ಇಬ್ಬರೂ ಅದನ್ನ ನೋಡಬಾರದಂತ ಕಿಡಕಿ ಹೊರಗ ನೋಡಿದ್ವಿ. ಬಿಸಿಲಿನ್ಯಾಗ ಪ್ಲಾಟ್‌ಫಾರ್ಮ್ ಸಾವಕಾಶ ಸಮೀಪ ಬಂತು. ಇದೊಂದು ಸ್ಟೇಷನ್ ದಾಟಿಬಿಡ್ಲಿ ದೇವರೇ ಅಂತ ನಾ ಮನಸ್ಸಿನ್ಯಾಗ ಅಂದ್ಕೊಂಡೆ.

ಫೋನು ಬಾರಿಸಿತು.

ನೋಡಿದ್ವಿ. ಫೋನಿನ ಮ್ಯಾಲ 'ಅಕ್ಕ' ಅಂತ ಬಂದಿತ್ತು.

ಗೆಳತಿ ಬೆರಳು ಆ ಗುಂಡಿ ತನಕ ಹೋಗಿ ನಿಂತಿತು. ನಾನ ಒತ್ತಿದೆ. ಸ್ಪೀಕರಿನ್ಯಾಗ ಮೊದಲು ಗಾಳಿ ಸಪ್ಪಳ, ಹೊಲದಾಗ ನಿಂತವರ ಫೋನಿನ್ಯಾಗ ಬರ್ತೈತಲ್ಲ ಅದು. ಆಮ್ಯಾಲ ಗಂಡಸಿನ ಗೊಗ್ಗರ ದನಿ, ಕೆಮ್ಮಿ ಕೆಮ್ಮಿ ಗಂಟಲು ಸರಿ ಮಾಡ್ಕೊಂಡು, ಹೊಸದಾಗಿ ಪಾಠ ಒಪ್ಪಸೂವ್ರ ಹಂಗ ಕೇಳಿತು.

"ಜಾಗಾ... ಜಾಗಾ ಸಿಕ್ತೇನವ್ವಾ?"

ಬೋಗಿಯೊಳಗ ಯಾರ್ಯಾರೋ ಮಾತಾಡಾಕತ್ತಿದ್ರು, ನನಗೇನೂ ಕೇಳಿಸಲಿಲ್ಲ. ಗೆಳತಿ ಫೋನು ಎತ್ತಿ ಬಾಯಿ ಹತ್ರ ಹಿಡಿದ್ಲು.

"ಸಿಕ್ಕೈತಿ ಮಾಮಾ."

ಆ ಕಡೆ ಸುಮ್ಮನ ಇತ್ತು. ಮುಂದ ಏನು ಕೇಳಬೇಕು ಅನ್ನೂದು ಪಾಪ ಅವರಿಗೆ ಗೊತ್ತಿದ್ದಿಲ್ಲ. ನಾ ಬರೆದದ್ದು ಅಷ್ಟ ಇತ್ತಲ್ಲ. ಮುಂದಿನ ಮಾತು ನನ್ನ ಬಾಯಿಗೆ ತಾನಾಗೇ ಬಂತು, ಫೋನಿನ ಕಡೆ ಬಗ್ಗಿ, ಅಳೂ ದನಿಯೊಳಗ, ಅರ್ಧ ಬೋಗಿಗೆ ಕೇಳಸೂವಂಗ ಒದರಿದೆ.

"ನಿಂದ್ರಾಕ ಬಿಡೂದಿಲ್ರೀ ನಾ ಆಕೀನ್ನ!"

"ಹ್ಞಾಂ, ಚೊಲೋ ಆತವಾ," ಅಂದ್ರು ಆ ಕಡೆಯಿಂದ. "ಇಡ್ತೀನಿ ಹಂಗಾರ. ನಾಳೆ ಮಾಡ್ತೀನಿ."